ನೂರರ ಲೈನಿನಲ್ಲಿ ಹತ್ತು: ದೊಡ್ಡ ಫೈಲ್ ಕಳಿಸಲು ಕೇಬಲ್, ಫೈಬರ್, 5ಜಿ, ಬಸ್ಸು ಇವುಗಳಲ್ಲಿ ಯಾವುದು?

ತುಮಕೂರಿನ ಬಟವಾಡಿಯಲ್ಲಿರುವ ನಮ್ಮ ಮನೆಯಲ್ಲೇ ಕುಳಿತು ನಾನು ಬೆಂಗಳೂರಿನ ಸ್ಟುಡಿಯೊ ಒಂದಕ್ಕೆ ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡಿಕೊಡುತ್ತೇನೆ. ಒಂದು ಮದುವೆಯ ಕೆಲಸ ಮುಗಿದಾಗ ಕಳಿಸಬೇಕಾದ ಫೋಲ್ಡರ್ ಸುಮಾರು 40 ಜಿಬಿ ತೂಗುತ್ತದೆ. ಮೊದಲ ಸಲ ಕಳಿಸಿದ್ದು ಒಂದು ಶನಿವಾರ ರಾತ್ರಿ. ಒಂಬತ್ತು ಗಂಟೆಗೆ ಬ್ರೌಸರಿನಲ್ಲಿ ಅಪ್‌ಲೋಡ್ ಶುರು ಮಾಡಿ ಮಲಗಿದೆ. ಮನೆಯಲ್ಲಿದ್ದದ್ದು ನೂರು ಎಂಬಿಪಿಎಸ್‌ನ ಲೈನು. ಗಂಟೆಯೊಳಗೆ ಮುಗಿಯಬೇಕು ಎಂಬ ಲೆಕ್ಕ. ರಾತ್ರಿ ಎರಡಕ್ಕೆ ಕರೆಂಟ್ ಹೋಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಬ್ರೌಸರ್ ಸೊನ್ನೆಯಿಂದ ಶುರು ಮಾಡಲು ಕಾಯುತ್ತಿತ್ತು.

ದೂರು ಕೊಟ್ಟ ಮೇಲೆ ಲೈನ್‌ಮ್ಯಾನ್ ಬಂದರು. ತಮ್ಮ ಮೊಬೈಲಿನಲ್ಲಿ ವೇಗ ಪರೀಕ್ಷಿಸಿ ತೋರಿಸಿದರು. ‘ನೋಡಿ ಸರ್, ತೊಂಬತ್ತಾರು ಬರುತ್ತಿದೆ. ನಮ್ಮ ಕಡೆ ಏನೂ ತೊಂದರೆ ಇಲ್ಲ’ ಎಂದರು. ಅದೇ ಪರದೆಯ ಕೆಳಗೆ ಇನ್ನೊಂದು ಸಂಖ್ಯೆ ಇತ್ತು: 10. ಅದು ಅಪ್‌ಲೋಡ್. ‘ಇದು?’ ಎಂದು ಕೇಳಿದಾಗ, ‘ಅದು ಹಾಗೆಯೇ ಬರುವುದು ಸರ್, ಯಾರೂ ಅದನ್ನು ಕೇಳುವುದಿಲ್ಲ’ ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎಂದರೆ ಏನು ಎಂಬ ಸರ್ಕಾರದ ವ್ಯಾಖ್ಯೆಯನ್ನು 2023ರ ಜನವರಿಯಲ್ಲಿ ಬದಲಿಸಿದರು. ಅದರ ಪ್ರಕಾರ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ವೇಗ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಅಪ್‌ಲೋಡ್ ಎಷ್ಟಿರಬೇಕು ಎಂಬ ಮಾತು ಅದರಲ್ಲಿ ಇಲ್ಲ. ಹಾಗಾಗಿ ಜಾಹೀರಾತಿನ ದೊಡ್ಡ ಅಂಕಿ ಯಾವಾಗಲೂ ಇಳಿಯುವ ವೇಗದ್ದು. ಸಿನಿಮಾ ನೋಡುವ ಮನೆಗೆ ಅದು ಸಾಕು. ಮನೆಯಿಂದ ದುಡಿದು ಕಳಿಸುವವರಿಗೆ ಸಾಲದು.

ಮುಂದಿನ ಹೋಲಿಕೆಯನ್ನೆಲ್ಲ ಇದೇ 40 ಜಿಬಿಯ ಫೋಲ್ಡರನ್ನು ಮುಂದಿಟ್ಟುಕೊಂಡೇ ಮಾಡುತ್ತೇನೆ. ಅದಕ್ಕೆ ಒಂದು ಲೆಕ್ಕ ಗೊತ್ತಿರಬೇಕು. ಲೈನಿನ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ. ಒಂದು ಬೈಟ್‌ಗೆ ಎಂಟು ಬಿಟ್. ಹತ್ತು ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಒಂದೂಕಾಲು ಎಂಬಿ ಮಾತ್ರ. ಆ ವೇಗದಲ್ಲಿ ಒಂದು ಜಿಬಿ ಹೋಗಲು 13 ನಿಮಿಷದ ಮೇಲೆ ಬೇಕು, 40 ಜಿಬಿಗೆ ಸುಮಾರು ಒಂಬತ್ತು ಗಂಟೆ. ಐವತ್ತರ ಅಪ್‌ಲೋಡ್ ಇದ್ದರೆ ಸುಮಾರು ಒಂದೂ ಮುಕ್ಕಾಲು ಗಂಟೆ, ನೂರಿದ್ದರೆ 53 ನಿಮಿಷ. ದಾರಿಯಲ್ಲಿ ಸೋರುವುದಕ್ಕೆಂದು ಇದರ ಮೇಲೆ ಹತ್ತರಲ್ಲಿ ಒಂದು ಪಾಲು ಸೇರಿಸಿಕೊಳ್ಳಿ.

ಟಿವಿ ಕೇಬಲ್ಲು ಮತ್ತು ಹಳೆಯ ತಾಮ್ರದ ತಂತಿ

ತಾಮ್ರದ ಟೆಲಿಫೋನ್ ತಂತಿಯ ಇಂಟರ್‌ನೆಟ್ಟನ್ನು ಬೇಗ ದಾಟಿಬಿಡೋಣ. ಎಡಿಎಸ್‌ಎಲ್ ಎಂಬ ಹೆಸರಿನ ಮೊದಲ ಅಕ್ಷರದ ಅರ್ಥವೇ ‘ಅಸಮ’ ಎಂದು. ಅದರ ಸುಧಾರಿತ ರೂಪದಲ್ಲೂ ಡೌನ್‌ಲೋಡ್ 24 ಎಂಬಿಪಿಎಸ್‌ವರೆಗೆ ಹೋದರೆ ಅಪ್‌ಲೋಡ್ ಹೆಚ್ಚುಕಡಿಮೆ ಒಂದರಲ್ಲೇ ನಿಲ್ಲುತ್ತಿತ್ತು. ನಮ್ಮ ಫೋಲ್ಡರಿಗೆ ಅದು ಮೂರೂವರೆ ದಿನಕ್ಕೂ ಹೆಚ್ಚಿನ ದಾರಿ.

ಟಿವಿಯ ದಪ್ಪ ಕೇಬಲ್ಲಿನ ಮೂಲಕ ಬರುವ ಇಂಟರ್‌ನೆಟ್‌ನ ಕಥೆ ತಿಳಿದುಕೊಳ್ಳುವಂಥದ್ದು, ಏಕೆಂದರೆ ಅಸಮತೆ ಎಲ್ಲಿಂದ ಬಂತು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಕೇಬಲ್ಲನ್ನು ಎಳೆದದ್ದು ಚಾನೆಲ್‌ಗಳನ್ನು ಮನೆಗೆ ತರಲು. ಮನೆಯಿಂದ ಏನಾದರೂ ವಾಪಸ್ ಹೋಗಬೇಕು ಎಂಬ ಯೋಚನೆ ಆಗ ಇರಲಿಲ್ಲ. ಮುಂದೆ ಇಂಟರ್‌ನೆಟ್ ಬಂದಾಗ, ಟಿವಿ ಚಾನೆಲ್‌ಗಳು ಬಿಟ್ಟಿದ್ದ ಕೆಳಗಿನ ಸಣ್ಣ ಆವರ್ತನ ಪಟ್ಟಿಯನ್ನು ಅಪ್‌ಲೋಡ್‌ಗೆ ಕೊಟ್ಟರು. ಅದು ದೇಶ ನೋಡಿ 5ರಿಂದ 42 ಅಥವಾ 65 ಮೆಗಾಹರ್ಟ್ಸ್‌ವರೆಗೆ. ಅದರ ಮೇಲಿನ ನೂರಾರು ಮೆಗಾಹರ್ಟ್ಸ್ ಎಲ್ಲವೂ ಇಳಿಯುವ ದಾರಿಗೆ. ಆ ಸಣ್ಣ ಪಟ್ಟಿಯೂ ಶುದ್ಧವಾಗಿರುವುದಿಲ್ಲ. ಬೀದಿಯ ಮನೆಗಳಿಂದ ಹೊರಡುವ ವಾಪಸಿ ದಾರಿಗಳೆಲ್ಲ ಒಂದೇ ಕೇಬಲ್ಲಿಗೆ ಸೇರುವುದರಿಂದ, ಯಾರದೋ ಮನೆಯ ಸಡಿಲ ಕನೆಕ್ಟರಿನಲ್ಲಿ ನುಗ್ಗಿದ ಗದ್ದಲ ಎಲ್ಲರ ಅಪ್‌ಲೋಡನ್ನೂ ಕೆಡಿಸುತ್ತದೆ. ಡೌನ್‌ಲೋಡ್ ಚೆನ್ನಾಗಿಯೇ ಇದ್ದು ಅಪ್‌ಲೋಡ್ ಮಾತ್ರ ಗಂಟೆಗೊಂದು ರೀತಿ ಏರಿಳಿಯುತ್ತಿದ್ದರೆ, ದೋಷ ನಿಮ್ಮ ಮನೆಯಲ್ಲಿ ಇರಲೇಬೇಕೆಂದಿಲ್ಲ.

ದೊಡ್ಡ ಫೈಲ್ ಕಳಿಸುವುದೇ ನಿಮ್ಮ ಕೆಲಸವಾದರೆ, ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಈ ಲೈನು ತೆಗೆದುಕೊಳ್ಳಿ.

ಫೈಬರ್: ಗಾಜಿನಲ್ಲಿ ತೊಂದರೆ ಇಲ್ಲ, ಪ್ಲಾನಿನಲ್ಲಿ ಇದೆ

ನನ್ನ ಮನೆಗೆ ಬಂದಿದ್ದದ್ದು ಫೈಬರ್ ಲೈನೇ. ಆದರೂ ಹತ್ತು ಏಕೆ? ಇದಕ್ಕೆ ಉತ್ತರ ಹುಡುಕಲು ನನಗೆ ಒಂದು ತಿಂಗಳು ಹಿಡಿಯಿತು.

ಊರಿನ ಫೈಬರ್ ಲೈನುಗಳಲ್ಲಿ ಸಾಮಾನ್ಯವಾಗಿ ಇರುವ ವ್ಯವಸ್ಥೆ ಜಿಪಾನ್. ಕೇಂದ್ರದಿಂದ ಹೊರಟ ಒಂದು ಎಳೆಯನ್ನು ಕಂಬದ ಮೇಲಿನ ಸಣ್ಣ ಡಬ್ಬಿಯಲ್ಲಿ ಸೀಳಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಆ ಎಳೆಯಲ್ಲಿ ಇಳಿಯುವ ಒಟ್ಟು ಸಾಮರ್ಥ್ಯ ಸುಮಾರು 2.5 ಜಿಬಿಪಿಎಸ್, ಏರುವುದು ಸುಮಾರು 1.25. ಎಲ್ಲರೂ ಒಟ್ಟಿಗೆ ಕಳಿಸಿದರೆ ಒಬ್ಬರ ಬೆಳಕು ಇನ್ನೊಬ್ಬರದರ ಮೇಲೆ ಬೀಳುತ್ತದೆ. ಹಾಗಾಗಿ ಕೇಂದ್ರದ ಯಂತ್ರ ಪ್ರತಿ ಮನೆಗೂ ಸರದಿ ಕೊಡುತ್ತದೆ. ಇಷ್ಟಾದರೂ ಏರುವ ದಾರಿ ಇಳಿಯುವ ದಾರಿಯ ಅರ್ಧ, ಹತ್ತನೇ ಒಂದು ಪಾಲಲ್ಲ. ಬೀದಿಯವರಲ್ಲಿ ಬಹುಪಾಲು ಜನ ನೋಡುವವರು, ಕಳಿಸುವವರಲ್ಲ. ರಾತ್ರಿ ಒಂಬತ್ತಕ್ಕೆ ಎಲ್ಲರೂ ಧಾರಾವಾಹಿ ನೋಡುತ್ತಿರುವಾಗಲೂ ಏರುವ ದಾರಿಯ ದೊಡ್ಡ ಭಾಗ ಖಾಲಿಯೇ ಇರುತ್ತದೆ.

ಹಾಗಾದರೆ ಹತ್ತು ಎಂಬುದು ಗಾಜಿನ ಮಿತಿಯಲ್ಲ. ಅದು ಕಂಪನಿಯ ಕಂಪ್ಯೂಟರಿನಲ್ಲಿ ನಮ್ಮ ಖಾತೆಗೆ ಹಾಕಿದ ಮಿತಿ. ಒಂದೇ ಬಗೆಯ ಎಳೆಯ ಮೇಲೆ ಒಂದು ಕಂಪನಿ ನೂರಕ್ಕೆ ನೂರು ಕೊಡಬಹುದು, ಇನ್ನೊಂದು ನೂರಕ್ಕೆ ಹತ್ತು. ಇದನ್ನು ತಿಳಿದ ಮೇಲೆ ನಾನು ‘ಎಷ್ಟು ಸ್ಪೀಡು?’ ಎಂದು ಕೇಳುವುದನ್ನು ಬಿಟ್ಟೆ. ಹೊಸ ಲೈನು ಹಾಕಿಸುವ ಮುನ್ನ ಹೀಗೆ ಕೇಳಿದೆ: ‘ಈ ಪ್ಲಾನಿನಲ್ಲಿ ಅಪ್‌ಲೋಡ್ ಎಷ್ಟು? ಡೌನ್‌ಲೋಡ್‌ನಷ್ಟೇ ಇದೆಯೇ? ತಿಂಗಳ ಮಿತಿಯಲ್ಲಿ ಅಪ್‌ಲೋಡೂ ಎಣಿಕೆಯಾಗುತ್ತದೆಯೇ? ಮಿತಿ ದಾಟಿದ ಮೇಲೆ ಎಷ್ಟಕ್ಕೆ ಇಳಿಸುತ್ತೀರಿ?’ ಉತ್ತರವನ್ನು ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸಲು ಕೇಳಿಕೊಂಡೆ. ಬಾಯಿಮಾತಿನಲ್ಲಿ ‘ಎರಡೂ ಒಂದೇ ಸರ್’ ಎನ್ನುವವರು ಬರೆಯುವಾಗ ಸರಿಯಾದ ಅಂಕಿಯನ್ನೇ ಬರೆಯುತ್ತಾರೆ.

‘ಅನ್‌ಲಿಮಿಟೆಡ್’ ಎಂಬ ಪ್ಲಾನುಗಳಿಗೂ ಒಂದು ಮಿತಿ ಇರುತ್ತದೆ. ಮನೆಯ ಲೈನುಗಳಲ್ಲಿ ತಿಂಗಳಿಗೆ 3,300 ಜಿಬಿ ಎಂಬ ಅಂಕಿಯನ್ನು ಹೆಚ್ಚಾಗಿ ಕಾಣುತ್ತೀರಿ. ವಾರಕ್ಕೆ ಒಂದೆರಡು ಮದುವೆ ಕಳಿಸುವವರಿಗೆ ಅದು ಧಾರಾಳ.

ಫೈಬರಿನಲ್ಲೂ ನಿಜವಾದ ದೋಷ ಬರುವುದುಂಟು. ಗೋಡೆಯ ಮೂಲೆಯಲ್ಲಿ ಎಳೆ ಚೂಪಾಗಿ ಬಾಗಿದ್ದರೆ ಅಥವಾ ಕನೆಕ್ಟರಿನಲ್ಲಿ ಧೂಳಿದ್ದರೆ ಬೆಳಕು ಸೋರುತ್ತದೆ. ಮನೆಯ ಫೈಬರ್ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ `RX Power` ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಅದು -15ರಿಂದ -25 dBm ನಡುವೆ ಇದ್ದರೆ ನೆಮ್ಮದಿ. -27ಕ್ಕಿಂತ ಕೆಳಗೆ ಹೋಗಿದ್ದರೆ, ಅಂದರೆ -28, -29 ಎಂದು ತೋರಿಸಿದರೆ, ಲೈನ್‌ಮ್ಯಾನ್‌ಗೆ ಆ ಅಂಕಿಯನ್ನೇ ಹೇಳಿ. ‘ಸ್ಲೋ ಇದೆ’ ಎಂಬ ದೂರಿಗಿಂತ ಅದಕ್ಕೆ ಬೇಗ ಉತ್ತರ ಸಿಗುತ್ತದೆ.

5ಜಿ: ಜಾತ್ರೆಯ ಮೈಕು

ಫೈಬರ್ ಇನ್ನೂ ತಲುಪದ ಕಡೆ, ಕೊರಟಗೆರೆ ಅಥವಾ ಪಾವಗಡ ಕಡೆಯ ತೋಟದ ಮನೆಗಳಲ್ಲಿ, ಮೊಬೈಲ್ ಟವರೇ ಗತಿ. ಬೆಳಿಗ್ಗೆ ಆರಕ್ಕೆ ಪರೀಕ್ಷಿಸಿದರೆ ಡೌನ್‌ಲೋಡ್ ಇನ್ನೂರು, ಮುನ್ನೂರು ತೋರಿಸಿ ಹಿಗ್ಗಿಸುತ್ತದೆ. ಅಪ್‌ಲೋಡ್ ಮಾತ್ರ ಹದಿನೈದು, ಇಪ್ಪತ್ತರಲ್ಲಿ ಒದ್ದಾಡುತ್ತಿರುತ್ತದೆ. ಇದಕ್ಕೆ ಎರಡು ಕಾರಣ.

ಮೊದಲನೆಯದು ಸಮಯದ ಹಂಚಿಕೆ. ನಮ್ಮಲ್ಲಿ 5ಜಿಗೆ ಹೆಚ್ಚು ಬಳಸುವ 3.5 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಯಲ್ಲಿ ಕಳಿಸುವುದಕ್ಕೂ ಪಡೆಯುವುದಕ್ಕೂ ಒಂದೇ ತರಂಗಾಂತರ. ಒಂದು ಕ್ಷಣದಷ್ಟು ಹೊತ್ತು ಟವರ್ ಮಾತಾಡುತ್ತದೆ, ಇನ್ನೊಂದು ಕ್ಷಣದಷ್ಟು ಹೊತ್ತು ಫೋನು. ಸಾಮಾನ್ಯವಾದ ಹಂಚಿಕೆಯಲ್ಲಿ ಐದು ಪಾಲಿನಲ್ಲಿ ಮೂರಕ್ಕೂ ಹೆಚ್ಚು ಟವರಿಗೆ, ಒಂದೇ ಒಂದು ಪೂರ್ತಿಯಾಗಿ ಫೋನುಗಳಿಗೆ. ಈ ಹಂಚಿಕೆ ಇಡೀ ಜಾಲಕ್ಕೆ ಒಂದೇ, ನಿಮಗೊಬ್ಬರಿಗೆಂದು ಬದಲಾಗುವುದಿಲ್ಲ.

ಎರಡನೆಯದು ದನಿಯ ಬಲ. ಟವರಿನ ಆಂಟೆನಾ ಹತ್ತಾರು ವ್ಯಾಟ್ ಹೊರಹಾಕುತ್ತದೆ. ಕೈಯಲ್ಲಿರುವ ಫೋನು ಸಾಮಾನ್ಯವಾಗಿ ಹೊರಹಾಕಬಲ್ಲದ್ದು ಹೆಚ್ಚೆಂದರೆ ಒಂದು ವ್ಯಾಟಿನ ಐದನೇ ಒಂದು ಪಾಲು. ಊರ ಜಾತ್ರೆಯಲ್ಲಿ ವೇದಿಕೆಯ ಮೈಕಿನ ದನಿ ನಮ್ಮ ಮನೆಯ ಹಿತ್ತಲಿಗೂ ಕೇಳುತ್ತದೆ. ಹಿತ್ತಲಿನಿಂದ ನಾವು ಕೂಗಿದ್ದು ವೇದಿಕೆಗೆ ಕೇಳುವುದಿಲ್ಲ. ಫೋನಿನ ಮೇಲಿನ ಗೆರೆಗಳು ತೋರಿಸುವುದು ಮೈಕಿನ ದನಿ ನಮಗೆ ಎಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ. ಆದ್ದರಿಂದಲೇ ನಾಲ್ಕು ಗೆರೆ ಇದ್ದರೂ ಆರ್‌ಸಿಸಿ ಮನೆಯ ಒಳಕೋಣೆಯಲ್ಲಿ ಅಪ್‌ಲೋಡ್ ಕುಸಿಯುತ್ತದೆ, ಡೌನ್‌ಲೋಡ್ ಕುಸಿಯುವುದಕ್ಕೂ ಮೊದಲೇ.

ಇದಕ್ಕೆ ಒಂದು ಸುಲಭ ಉಪಾಯವಿದೆ: ಹಾಟ್‌ಸ್ಪಾಟ್ ಆಗಿರುವ ಫೋನನ್ನು ಟವರ್ ಕಡೆಯ ಕಿಟಕಿಯ ಬಳಿ ಅಥವಾ ತಾರಸಿಯ ನೆರಳಿನಲ್ಲಿಡಿ. ನನ್ನ ಫೋನು ಒಳಕೋಣೆಯಲ್ಲಿ ಅಪ್‌ಲೋಡ್ ನಾಲ್ಕು ತೋರಿಸುತ್ತಿದ್ದದ್ದು ತಾರಸಿಯ ಮೆಟ್ಟಿಲ ಬಳಿ ಹದಿನೆಂಟಕ್ಕೆ ಏರಿತು. ಒಳಗೆ ಹತ್ತು ಗಂಟೆಗೂ ಮುಗಿಯದ್ದು ಹೊರಗೆ ಐದು ಗಂಟೆಯ ಕೆಲಸವಾಯಿತು. ಬಿಸಿಲಿನಲ್ಲಿಡಬೇಡಿ, ಕಾದ ಫೋನು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ.

ಮನೆಯ ಮೇಲೆ ಪೆಟ್ಟಿಗೆ ಕೂರಿಸಿ ಕೊಡುವ 5ಜಿ ಮನೆ ಇಂಟರ್‌ನೆಟ್ ಇದಕ್ಕಿಂತ ಒಂದು ಹೆಜ್ಜೆ ಮೇಲೆ. ಅದರ ಆಂಟೆನಾ ಹೊರಗಿದೆ, ಟವರಿನತ್ತ ಮುಖ ಮಾಡಿದೆ. ಆದರೆ ಸಮಯದ ಹಂಚಿಕೆ ಅದಕ್ಕೂ ತಪ್ಪಿದ್ದಲ್ಲ. ಫೈಬರ್ ಸಿಗುವ ಬೀದಿಯಲ್ಲಿ ಅದನ್ನು ಆರಿಸಬೇಡಿ. ಫೈಬರ್ ಸಿಗದ ತೋಟದ ಮನೆಗೆ ಅದು ಒಳ್ಳೆಯದು.

ಬಸ್ಸಿನ ವೇಗ ಎಷ್ಟು?

ನಗಬೇಡಿ, ಇದು ಲೆಕ್ಕದ ಮಾತು. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೊಮೀಟರ್. ನಮ್ಮ ಮನೆಯಿಂದ ಹೊರಟು ಮಲ್ಲೇಶ್ವರದ ಸ್ಟುಡಿಯೊ ಬಾಗಿಲು ಸೇರಲು ಬಸ್ಸಿನ ಕಾಯುವಿಕೆ, ಊರೊಳಗಿನ ದಟ್ಟಣೆ ಎಲ್ಲ ಸೇರಿ ಮೂರು ಗಂಟೆ. 40 ಜಿಬಿಯನ್ನು ಮೂರು ಗಂಟೆಯಲ್ಲಿ ಒಯ್ದರೆ ಅದು ಸರಿಸುಮಾರು 30 ಎಂಬಿಪಿಎಸ್‌ಗೆ ಸಮ. ಅಂದರೆ ನನ್ನ ಹಳೆಯ ಹತ್ತರ ಲೈನಿಗಿಂತ ಕೆಂಪು ಬಸ್ಸು ಮೂರು ಪಟ್ಟು ವೇಗದ್ದು. ಚೀಲದಲ್ಲಿರುವುದು ಒಂದು ಟಿಬಿಯ ಡಿಸ್ಕ್ ತುಂಬ ಡೇಟಾ ಆದರೆ, ಅದೇ ಬಸ್ಸಿನ ವೇಗ 740. ಕೋಲಾರದಿಂದ, ಚಿಕ್ಕಬಳ್ಳಾಪುರದಿಂದ ಹೊರಟರೂ ಲೆಕ್ಕ ಹೆಚ್ಚು ಬದಲಾಗದು.

ಆದರೂ 40 ಜಿಬಿಗೆ ನಾನು ಬಸ್ಸು ಹತ್ತುವುದಿಲ್ಲ. ಅಪ್‌ಲೋಡ್ ನಾನು ಮಲಗಿದ್ದಾಗ ನಡೆಯುತ್ತದೆ. ಬಸ್ಸು ಒಂದು ಕೆಲಸದ ದಿನವನ್ನು ತಿನ್ನುತ್ತದೆ. ನನ್ನ ಗೆರೆ 300 ಜಿಬಿ. ಅದಕ್ಕಿಂತ ಹೆಚ್ಚಿನ ಮೂಲ ಚಿತ್ರೀಕರಣವನ್ನು ಕಳಿಸಬೇಕಾದಾಗ ಡಿಸ್ಕೇ ಸರಿ.

ಡಿಸ್ಕಿನ ದಾರಿಯಲ್ಲಿ ಜನ ಎಡವುವುದು ಎರಡು ಕಡೆ. ಅಗ್ಗದ ಪೆನ್‌ಡ್ರೈವಿಗೆ ಬರೆಯುವ ವೇಗ ಸೆಕೆಂಡಿಗೆ ಹತ್ತಿಪ್ಪತ್ತು ಎಂಬಿ ಮಾತ್ರ ಇರಬಹುದು. ಹಾರ್ಡ್ ಡಿಸ್ಕಿನಲ್ಲಿ ಏಳೆಂಟು ನಿಮಿಷದಲ್ಲಿ ಆಗುವ ನಕಲಿಗೆ ಅಲ್ಲಿ ಗಂಟೆ ಹಿಡಿಯುತ್ತದೆ. ಮತ್ತೆ, FAT32 ಮಾದರಿಯಲ್ಲಿರುವ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಕೂರುವುದಿಲ್ಲ. ‘ಫೈಲು ತೀರಾ ದೊಡ್ಡದು’ ಎನ್ನುತ್ತದೆ, ಡ್ರೈವು ಅರ್ಧ ಖಾಲಿಯಿದ್ದರೂ. exFAT ಮಾದರಿಗೆ ಫಾರ್ಮ್ಯಾಟ್ ಮಾಡಿದರೆ ಈ ತಕರಾರು ಮುಗಿಯಿತು. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ. ಅತ್ತ ಕಡೆಯವರು ಫೈಲುಗಳನ್ನು ತೆರೆದು ನೋಡುವವರೆಗೆ ನಿಮ್ಮ ಪ್ರತಿಯನ್ನು ಅಳಿಸಬೇಡಿ.

ಲೈನು ಬದಲಿಸುವ ಮುನ್ನ

ಹೊಸ ಲೈನಿಗೆ ಹಣ ಕಟ್ಟುವ ಮುನ್ನ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪನ್ನು ವೈಫೈ ಬಿಡಿಸಿ ರೂಟರಿಗೆ ಲ್ಯಾನ್ ಕೇಬಲ್ಲಿನಲ್ಲಿ ಜೋಡಿಸಿ, ಒಮ್ಮೆ ಬೆಳಿಗ್ಗೆ ಆರಕ್ಕೆ, ಒಮ್ಮೆ ರಾತ್ರಿ ಒಂಬತ್ತಕ್ಕೆ ವೇಗ ನೋಡಿ. ಎರಡೂ ಹೊತ್ತು ಅಪ್‌ಲೋಡ್ ಹತ್ತರಲ್ಲೇ ಗೆರೆ ಎಳೆದಂತೆ ನಿಂತರೆ ಅದು ಪ್ಲಾನಿನ ಮಿತಿ. ಬೆಳಿಗ್ಗೆ ನಲವತ್ತು, ರಾತ್ರಿ ಆರು ಎಂದರೆ ಮೇಲಿನ ದಾರಿಯಲ್ಲಿ ದಟ್ಟಣೆ. ಕೇಬಲ್ಲಿನಲ್ಲಿ ನೂರು ಬಂದು ವೈಫೈಯಲ್ಲಿ ಹದಿನೈದೇ ಬಂದರೆ ಹೊಸ ಲೈನು ಬೇಕಿಲ್ಲ. ಹದಿನೈದು ಮೀಟರ್ ಲ್ಯಾನ್ ಕೇಬಲ್ ಸಾಕು. ಲ್ಯಾಪ್‌ಟಾಪಿನ ದನಿಯೂ ಗೋಡೆಗಳಾಚೆಯ ರೂಟರಿಗೆ ಅಷ್ಟಾಗಿ ಕೇಳುವುದಿಲ್ಲ.

ವೇಗದ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಅದು ಹತ್ತಿರದ, ಹಲವು ಸಲ ನಿಮ್ಮ ಕಂಪನಿಯದೇ ಸರ್ವರಿಗೆ, ಏಕಕಾಲಕ್ಕೆ ಹಲವು ಸಂಪರ್ಕ ತೆರೆದು ಅಳೆಯುತ್ತದೆ. ನಿಮ್ಮ ಬ್ರೌಸರ್ ಅಮೆರಿಕದಲ್ಲಿರುವ ಸರ್ವರಿಗೆ ಒಂದೇ ಸಂಪರ್ಕದಲ್ಲಿ ಕಳಿಸುತ್ತಿರಬಹುದು. ಕಳಿಸಿದ ಪ್ರತಿ ಕಂತಿಗೂ ಅಲ್ಲಿಂದ ‘ಬಂತು’ ಎಂಬ ರಸೀದಿ ಮರಳಬೇಕು. ಅದಕ್ಕೆ ಕಾಲು ಸೆಕೆಂಡು ಹಿಡಿದರೆ, ದಾರಿಯಲ್ಲಿ ಒಂದೆರಡು ಕಂತು ಕಳೆದುಹೋದರೆ, ಲೈನು ಖಾಲಿಯಿದ್ದರೂ ವೇಗ ಏರುವುದಿಲ್ಲ. ಆಗ ನಾಲ್ಕು ಫೈಲುಗಳನ್ನು ಒಟ್ಟಿಗೆ ಕಳಿಸುವುದು ಒಳ್ಳೆಯದು. ಸಂಗ್ರಹಣೆಯ ಜಾಗವನ್ನು ನೀವೇ ಆರಿಸಬಹುದಾದರೆ ಮುಂಬೈಯನ್ನು ಆರಿಸಿ.

ಇದೇ ರಸೀದಿಯ ಕಾರಣಕ್ಕೆ ಅಪ್‌ಲೋಡ್ ದಾರಿ ತುಂಬಿದಾಗ ಡೌನ್‌ಲೋಡೂ ಸಾಯುತ್ತದೆ. ಮಗಳ ಆನ್‌ಲೈನ್ ತರಗತಿಗೆ ಬರುವ ವಿಡಿಯೊಗೂ ನಮ್ಮ ಕಡೆಯಿಂದ ರಸೀದಿ ಅಥವಾ ಸಣ್ಣ ಸಂದೇಶಗಳು ಏರಿಹೋಗಬೇಕು. ಅವು 40 ಜಿಬಿಯ ಸಾಲಿನ ಹಿಂದೆ ನಿಲ್ಲುತ್ತವೆ. ಹಾಗಾಗಿ ಹಗಲಿನಲ್ಲಿ ಅಪ್‌ಲೋಡನ್ನು ಲೈನಿನ ನೂರಕ್ಕೆ ಎಂಬತ್ತರಷ್ಟಕ್ಕೆ ಕಟ್ಟಿಹಾಕಬೇಕು. ನಾನು ಇದಕ್ಕೆ rclone ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಹತ್ತರ ಲೈನಿನಲ್ಲಿದ್ದಾಗ ಬರೆದಿಟ್ಟ ಆದೇಶ ಇದು, ಇದರಲ್ಲಿ `drive` ಎಂಬುದು ಮೊದಲೇ `rclone config` ಓಡಿಸಿ ನನ್ನ ಆನ್‌ಲೈನ್ ಸಂಗ್ರಹಣೆಗೆ ಇಟ್ಟ ಹೆಸರು:

```
rclone copy "D:\Maduve" drive:Maduve --transfers 4 --bwlimit "07:00,1M 23:00,off" --progress
```

ಬೆಳಿಗ್ಗೆ ಏಳರಿಂದ ಸೆಕೆಂಡಿಗೆ ಒಂದು ಎಂಬಿ, ಅಂದರೆ ಸುಮಾರು ಎಂಟು ಎಂಬಿಪಿಎಸ್. ರಾತ್ರಿ ಹನ್ನೊಂದರ ಮೇಲೆ ತಡೆಯಿಲ್ಲ. ಕರೆಂಟ್ ಹೋಗಿ ಬಂದರೆ ಇದೇ ಸಾಲನ್ನು ಮತ್ತೆ ಓಡಿಸಿದರಾಯಿತು. ಪೂರ್ತಿ ತಲುಪಿದ ಫೈಲುಗಳನ್ನು ಬಿಟ್ಟು ಉಳಿದವನ್ನು ಕಳಿಸುತ್ತದೆ. ಅರ್ಧ ಹೋಗಿದ್ದ ಫೈಲು ಮಾತ್ರ ಮೊದಲಿಂದ ಹೋಗುತ್ತದೆ, ಆದ್ದರಿಂದ ಇಪ್ಪತ್ತು ಜಿಬಿಯ ಒಂದೇ ಫೈಲಿದ್ದರೆ 7-Zip ಬಳಸಿ ಎರಡೆರಡು ಜಿಬಿಯ ತುಂಡುಗಳಾಗಿ ಸೀಳಿಕೊಳ್ಳಿ. ಜಿಪ್ ಮಾಡುವುದರಿಂದ ವಿಡಿಯೊ ಚಿಕ್ಕದಾಗುವುದಿಲ್ಲ, ಅದು ಆಗಲೇ ಒತ್ತಿಟ್ಟ ಮಾಲು. ಸಾವಿರಾರು ಸಣ್ಣ ಫೋಟೊಗಳಿದ್ದಾಗ ಮಾತ್ರ ಒಂದೇ ಗಂಟಾಗಿ ಕಟ್ಟುವುದು ಸಮಯ ಉಳಿಸುತ್ತದೆ.

ಈಗ ನಮ್ಮ ಮನೆಯಲ್ಲಿ ನೂರಕ್ಕೆ ನೂರರ ಫೈಬರ್ ಲೈನಿದೆ. ಫೋಲ್ಡರ್ ಒಂದು ಗಂಟೆಯೊಳಗೆ ಹೋಗುತ್ತದೆ. ಫೈಬರ್ ಪೆಟ್ಟಿಗೆಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಜೋಡಿಸಿದ್ದೇನೆ. ಕೊಳ್ಳುವ ಮುನ್ನ ಪೆಟ್ಟಿಗೆಯ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ. ಕಂಬದ ಮೇಲಿನ ಸೀಳುಡಬ್ಬಿಗೆ ಕರೆಂಟ್ ಬೇಕಿಲ್ಲ, ಆದರೆ ಅದರಾಚೆಯ ಕೇಂದ್ರಕ್ಕೆ ಬೇಕು. ನಮ್ಮ ಲೈನ್‌ಮ್ಯಾನ್‌ಗೆ ಕೊನೆಯದಾಗಿ ಕೇಳಿದ ಪ್ರಶ್ನೆ ಅದೇ: ‘ನಿಮ್ಮ ಕೇಂದ್ರದಲ್ಲಿ ಕರೆಂಟ್ ಹೋದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?’ ‘ನಾಲ್ಕು ಗಂಟೆ ಬರುತ್ತದೆ ಸರ್’ ಎಂದರು. ನನ್ನ 53 ನಿಮಿಷಕ್ಕೆ ಅಷ್ಟು ಸಾಕು.